ಓಸಿ–ಎಸ್‌ಸಿ ಟೆಸ್ಟ್: ಲೆಕ್ಕ ಕೆಡುವುದು ಶಾರ್ಟ್ ಮಾಡುವ ವೈರ್‌ನಲ್ಲಿ

ದಾವಣಗೆರೆ, ಚಿತ್ರದುರ್ಗದ ಕಡೆ ಎಲೆಕ್ಟ್ರಿಕಲ್ ಡಿಪ್ಲೊಮಾ ಅಥವಾ ಬಿ.ಇ. ಓದಿದವರೆಲ್ಲ ಟ್ರಾನ್ಸ್‌ಫಾರ್ಮರ್‌ನ ಓಪನ್ ಸರ್ಕ್ಯೂಟ್, ಶಾರ್ಟ್ ಸರ್ಕ್ಯೂಟ್ ಟೆಸ್ಟ್ ಮಾಡಿಯೇ ಇರುತ್ತಾರೆ. ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆದವರ ಉತ್ತರ ಚೆನ್ನಾಗಿಯೇ ಇರುತ್ತದೆ. ನಿಜವಾಗಿ ಮೀಟರ್ ಓದಿ ಬರೆದವರದು ಮಾತ್ರ ಎಲ್ಲೋ ತಪ್ಪಿರುತ್ತದೆ. ಆ ತಪ್ಪು ಬಹುತೇಕ ಎರಡೇ ಕಡೆ ಆಗುತ್ತದೆ: ವ್ಯಾಟ್‌ಮೀಟರ್ ಓದುವಾಗ, ಮತ್ತು ಎಸ್‌ಸಿ ಟೆಸ್ಟ್‌ನಲ್ಲಿ ಎರಡು ಟರ್ಮಿನಲ್ ಸೇರಿಸುವಾಗ.

ಉದಾಹರಣೆಗೆ 2 ಕೆವಿಎ, 230/115 ವೋಲ್ಟ್, 50 ಹರ್ಟ್ಜ್‌ನ ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳೋಣ. ಇದಕ್ಕೆ ಪೂರ್ತಿ ಲೋಡ್ ಹಾಕಿ ನೋಡಬೇಕೆಂದರೆ 2 ಕಿಲೋವ್ಯಾಟ್‌ನಷ್ಟು ಕರೆಂಟ್ ಸುಮ್ನೆ ಸುಡಬೇಕು. ಈ ಎರಡು ಟೆಸ್ಟ್‌ಗಳಿಗೆ ನೂರು ವ್ಯಾಟ್ ಆಸುಪಾಸು ಸಾಕು. ಮೊದಲು ನೇಮ್‌ಪ್ಲೇಟ್ ನೋಡಿ ಎರಡು ಅಂಕಿ ಬರೆದಿಡಿ. 230 ವೋಲ್ಟ್ ಕಡೆಯ ಫುಲ್ ಲೋಡ್ ಕರೆಂಟ್ 8.7 ಆಂಪ್, 115 ವೋಲ್ಟ್ ಕಡೆಯದು 17.4 ಆಂಪ್.

ಹಂತ 1: ಓಪನ್ ಸರ್ಕ್ಯೂಟ್ ಟೆಸ್ಟ್

ಸಪ್ಲೈ ಕೊಡುವುದು 115 ವೋಲ್ಟ್ ಕಡೆಗೆ. 230 ವೋಲ್ಟ್ ಕಡೆ ಏನನ್ನೂ ಜೋಡಿಸದೆ ಬಿಡಿ. ಏನೂ ಜೋಡಿಸಿಲ್ಲ ಅಂದ ಮಾತ್ರಕ್ಕೆ ಅಲ್ಲಿ ವೋಲ್ಟೇಜ್ ಇಲ್ಲ ಅಂತಲ್ಲ. ಆ ಟರ್ಮಿನಲ್‌ಗಳಲ್ಲಿ ಪೂರ್ತಿ 230 ವೋಲ್ಟ್ ಕೂತಿರುತ್ತದೆ. ಒಂದು ಪ್ಲಾಸ್ಟಿಕ್ ಡಬ್ಬಿಯನ್ನಾದರೂ ಮುಚ್ಚಿ.

ವೇರಿಯಾಕ್ ಸೊನ್ನೆಯಲ್ಲಿಟ್ಟು ಸ್ವಿಚ್ ಹಾಕಿ, ನಿಧಾನಕ್ಕೆ ಏರಿಸಿ, ಸರಿಯಾಗಿ 115ಕ್ಕೆ ನಿಲ್ಲಿಸಿ. ಇಲ್ಲಿ ‘ಹತ್ತಿರ ಹತ್ತಿರ’ ನಡೆಯುವುದಿಲ್ಲ. ಕೋರ್ ಲಾಸ್ ಹೆಚ್ಚುಕಡಿಮೆ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. 120ಕ್ಕೆ ಹೋದರೆ ಸುಮಾರು ನೂರಕ್ಕೆ ಒಂಬತ್ತು ಪಾಲು ಜಾಸ್ತಿ ಬಂತು ಅಂತಲೇ. ನಮ್ಮ ಕಡೆ ಲೈನ್ ವೋಲ್ಟೇಜ್ ನಿಂತಲ್ಲಿ ನಿಲ್ಲುವುದಿಲ್ಲವಲ್ಲ, ಅದಕ್ಕೇ ಮೂರೂ ಮೀಟರ್‌ಗಳನ್ನು ಒಟ್ಟಿಗೆ ಓದಿ. ಒಬ್ಬರೇ ಇದ್ದರೆ ಫೋನಿನಲ್ಲಿ ಒಂದೇ ಫೋಟೋ ಹೊಡೆದುಕೊಳ್ಳಿ.

ಅಮ್ಮೀಟರ್ ಮೂವಿಂಗ್ ಐರನ್‌ದೇ ಇರಲಿ. ಲೋಡ್ ಇಲ್ಲದಾಗಿನ ಕರೆಂಟ್ ನೆಟ್ಟಗಿನ ಸೈನ್ ಅಲೆಯಲ್ಲ, ಮೊನಚಾಗಿರುತ್ತದೆ. ಅಗ್ಗದ ಡಿಜಿಟಲ್ ಮೀಟರ್‌ಗಳು ಅದನ್ನು ಸೈನ್ ಎಂದೇ ತಿಳಿದು ತಪ್ಪು ಅಂಕಿ ತೋರಿಸುತ್ತವೆ.

ಇನ್ನು ವ್ಯಾಟ್‌ಮೀಟರ್. ಈ ಟೆಸ್ಟ್‌ಗೆ ಎಲ್‌ಪಿಎಫ್ ವ್ಯಾಟ್‌ಮೀಟರ್ ಬೇಕು. ಅದರ ಮೇಲೆ 0.2 ಅಂತ ಬರೆದಿರುತ್ತದೆ, ನೋಡಿಯೂ ನೋಡದಂತೆ ಬಿಡುವವರೇ ಜಾಸ್ತಿ. 150 ವೋಲ್ಟ್, 2.5 ಆಂಪ್ ರೇಂಜ್ ಹಾಕಿದ್ದೀರಿ, ಡಯಲ್‌ನಲ್ಲಿ 150 ಗೆರೆ ಇವೆ ಅಂದುಕೊಳ್ಳಿ. ಆಗ ಒಂದು ಗೆರೆಗೆ

150 × 2.5 × 0.2 ÷ 150 = 0.5 W

ಮುಳ್ಳು 64ರಲ್ಲಿ ನಿಂತರೆ 32 ವ್ಯಾಟ್. ಆ 0.2 ಮರೆತರೆ 160 ವ್ಯಾಟ್ ಆಗುತ್ತದೆ. ತಪ್ಪಾಗಿದೆ ಅಂತ ಅಲ್ಲೇ ಗೊತ್ತು ಮಾಡಿಕೊಳ್ಳಬಹುದು. ವೋಲ್ಟೇಜ್ 115, ಕರೆಂಟ್ 0.9 ಆಂಪ್, ಗುಣಿಸಿದರೆ 103.5. ವ್ಯಾಟ್ ಎಂದೂ ಇದನ್ನು ಮೀರುವ ಹಾಗಿಲ್ಲ.

ಹಂತ 2: ಶಾರ್ಟ್ ಸರ್ಕ್ಯೂಟ್ ಟೆಸ್ಟ್

ಈಗ ಕಡೆ ಬದಲಿಸಬೇಕು. ಸಪ್ಲೈ 230 ವೋಲ್ಟ್ ಕಡೆಗೆ, ಶಾರ್ಟ್ 115 ವೋಲ್ಟ್ ಕಡೆಗೆ. ಹೀಗೆ ಮಾಡಿದರೆ ಮೀಟರ್‌ಗಳಲ್ಲಿ 17.4ರ ಬದಲು 8.7 ಆಂಪ್ ಅಷ್ಟೇ ಹರಿಯುತ್ತದೆ.

ವೈರಿಂಗ್ ಬದಲಿಸುವ ಮೊದಲೇ ವೇರಿಯಾಕ್ ಸೊನ್ನೆಗೆ ತನ್ನಿ. ಓಸಿ ಟೆಸ್ಟ್ ಮುಗಿಸಿದ 115 ವೋಲ್ಟ್‌ನಲ್ಲೇ ಅದನ್ನು ಬಿಟ್ಟು ಸ್ವಿಚ್ ಹಾಕಿದರೆ 83 ಆಂಪ್ ಎಳೆಯುತ್ತದೆ. ಫ್ಯೂಸ್ ಹೋದರೆ ಪುಣ್ಯ. ಫ್ಯೂಸ್‌ಗೆ ಯಾರೋ ದಪ್ಪ ತಂತಿ ಸುತ್ತಿದ್ದರೆ ಅಮ್ಮೀಟರ್ ಮುಳ್ಳು ಬಾಗುತ್ತದೆ, ವೇರಿಯಾಕ್‌ನ ಬ್ರಷ್ ಸುಡುತ್ತದೆ.

ನಮ್ಮ ಟ್ರಾನ್ಸ್‌ಫಾರ್ಮರ್‌ಗೆ 8.7 ಆಂಪ್ ಹರಿಯಲು ಬರೀ 12 ವೋಲ್ಟ್ ಸಾಕು. ಅಂದರೆ ಒಂದು ವೋಲ್ಟ್ ಹೆಚ್ಚಾದರೆ ಮುಕ್ಕಾಲು ಆಂಪ್ ಏರುತ್ತದೆ. ವೇರಿಯಾಕ್ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಅದು ಕೈಗೆ ಸಿಗುವುದಿಲ್ಲ. ಲ್ಯಾಬ್‌ನಲ್ಲಿ ಇನ್ನೊಂದು 230/115 ಟ್ರಾನ್ಸ್‌ಫಾರ್ಮರ್ ಇದ್ದರೆ ಅದನ್ನು ವೇರಿಯಾಕ್‌ಗಿಂತ ಮುಂಚೆ ಹಾಕಿ. ವೇರಿಯಾಕ್‌ಗೆ ಹೋಗುವುದೇ 115 ವೋಲ್ಟ್ ಆದಾಗ ಅಷ್ಟೇ ತಿರುವಿಗೆ ಅರ್ಧ ವೋಲ್ಟೇಜ್ ಏರುತ್ತದೆ. ವೋಲ್ಟ್‌ಮೀಟರ್, ವ್ಯಾಟ್‌ಮೀಟರ್‌ನ ಪ್ರೆಷರ್ ಕಾಯಿಲ್ ಎರಡನ್ನೂ ಟ್ರಾನ್ಸ್‌ಫಾರ್ಮರ್ ಟರ್ಮಿನಲ್‌ಗೇ ಜೋಡಿಸಿ. ಇರುವುದೇ 12 ವೋಲ್ಟ್, ಅದರಲ್ಲಿ ಅಮ್ಮೀಟರ್ ಮತ್ತು ಕರೆಂಟ್ ಕಾಯಿಲ್‌ನಲ್ಲಿ ಬೀಳುವ ವೋಲ್ಟೇಜ್ ಸೇರಿಕೊಳ್ಳಬಾರದು.

ಈಗ ಶಾರ್ಟ್ ಮಾಡುವ ವಿಷಯ. ಸಾಮಾನ್ಯವಾಗಿ ಮೇಜಿನ ಮೇಲೆ ಸಿಕ್ಕ ಉದ್ದನೆಯ ಪ್ಯಾಚ್ ವೈರ್ ತೆಗೆದು ಎರಡು ಟರ್ಮಿನಲ್‌ಗೆ ಸಿಕ್ಕಿಸಿಬಿಡುತ್ತಾರೆ. ಒಂದು ಚದರ ಮಿಲಿಮೀಟರ್‌ನ ಒಂದೂವರೆ ಮೀಟರ್ ತಾಮ್ರದ ವೈರ್ ಅಂದರೆ 0.027 ಓಮ್. ಸಡಿಲವಾಗಿ ಸಿಕ್ಕಿಸಿದ ಎರಡು ತುದಿಗಳು ಇನ್ನಷ್ಟು ಸೇರಿಸುತ್ತವೆ. ಒಟ್ಟು 0.05 ಓಮ್ ಆಯ್ತು ಅನ್ನಿ. ‘ಅಷ್ಟೇ ತಾನೇ’ ಅನ್ನಿಸುತ್ತದೆ. ಆದರೆ ನಾವು ಅಳೆಯುತ್ತಿರುವುದು ಇನ್ನೊಂದು ಕಡೆಯಿಂದ. ಸುತ್ತುಗಳ ಅನುಪಾತ 2, ಅದರ ವರ್ಗ 4. ಹಾಗಾಗಿ ಈ 0.05 ಓಮ್ 230 ವೋಲ್ಟ್ ಕಡೆಗೆ 0.2 ಓಮ್ ಆಗಿ ಕಾಣುತ್ತದೆ. ಟ್ರಾನ್ಸ್‌ಫಾರ್ಮರ್‌ನ ಸ್ವಂತ ರೆಸಿಸ್ಟೆನ್ಸ್ ಇರುವುದೇ 0.95 ಓಮ್. ವ್ಯಾಟ್‌ಮೀಟರ್ 72ರ ಬದಲು 87 ತೋರಿಸುತ್ತದೆ. ಆ 15 ವ್ಯಾಟ್ ಟ್ರಾನ್ಸ್‌ಫಾರ್ಮರ್‌ದಲ್ಲ, ನಿಮ್ಮ ವೈರ್‌ದು.

ಕೆಲವರು ಅಮ್ಮೀಟರ್ ಮೂಲಕವೇ ಶಾರ್ಟ್ ಮಾಡುತ್ತಾರೆ. ‘ಸರ್, ಆ ಕಡೆ ಕರೆಂಟೂ ಗೊತ್ತಾಗುತ್ತೆ ಅಲ್ವಾ?’ ಅಂತ ಹುಡುಗರು ಕೇಳುವುದುಂಟು. ಗೊತ್ತಾಗುತ್ತೆ ನಿಜ, ಆದರೆ ಅಮ್ಮೀಟರ್‌ನ ರೆಸಿಸ್ಟೆನ್ಸ್ ಕೂಡ ನಾಲ್ಕು ಪಟ್ಟಾಗಿ ಲೆಕ್ಕಕ್ಕೆ ಸೇರುತ್ತದೆ. ಆ ಕರೆಂಟ್ 8.7ರ ಎರಡರಷ್ಟು ಅಂತ ಹೇಗೂ ಗೊತ್ತಲ್ಲ, ಅಮ್ಮೀಟರ್ ಯಾಕೆ?

ನಾನು ಹೇಳುವುದಿಷ್ಟು: 4 ಅಥವಾ 6 ಚದರ ಮಿಲಿಮೀಟರ್ ವೈರ್, ಉದ್ದ ಒಂದು ಗೇಣಿಗಿಂತ ಕಡಿಮೆ, ಎರಡೂ ತುದಿಗೆ ಗಟ್ಟಿಯಾಗಿ ಒತ್ತಿದ ಲಗ್. ಟರ್ಮಿನಲ್‌ನ ಹಿತ್ತಾಳೆಯನ್ನು ಮರಳು ಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ, ನಟ್ ಅನ್ನು ಸ್ಪ್ಯಾನರ್‌ನಲ್ಲೇ ಬಿಗಿ ಮಾಡಿ, ಬೆರಳಲ್ಲಿ ಅಲ್ಲ. ಆನ್‌ಲೈನ್‌ನಲ್ಲಿ ಕಟ್ಟು ಕಟ್ಟಾಗಿ ಬರುವ ಬಣ್ಣಬಣ್ಣದ ಕ್ರೊಕೊಡೈಲ್ ಕ್ಲಿಪ್ ವೈರ್‌ಗಳನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಮೇಲಿನ ಪ್ಲಾಸ್ಟಿಕ್ ಮಾತ್ರ ದಪ್ಪ, ಒಳಗೆ ಕೂದಲಿನಂಥ ನಾಲ್ಕೈದು ಎಳೆ.

ಶಾರ್ಟ್ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದೇ ನಿಮಿಷ ಸಾಕು. ಪೂರ್ತಿ ಕರೆಂಟ್ ಹರಿಯುವಾಗ ಶಾರ್ಟ್ ಆದ ಎರಡು ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್‌ನಲ್ಲಿ ಏಸಿ ವೋಲ್ಟೇಜ್ ಅಳೆಯಿರಿ. ಮೊನೆಯನ್ನು ವೈರ್ ಮೇಲಲ್ಲ, ಟರ್ಮಿನಲ್ ಸ್ಟಡ್ ಮೇಲೇ ಇಡಿ. ಒಳ್ಳೆಯ ಶಾರ್ಟ್ ಆಗಿದ್ದರೆ ಒಂದೆರಡು ಸೊನ್ನೆ ದಾಟಿಯೇ ಅಂಕಿ ಬರುತ್ತದೆ. 0.1 ವೋಲ್ಟ್ ದಾಟಿದರೆ ಬಿಚ್ಚಿ ಮತ್ತೆ ಕಟ್ಟಿ. ಮೇಲೆ ಹೇಳಿದ ಪ್ಯಾಚ್ ವೈರ್ ಆದರೆ 0.87 ವೋಲ್ಟ್ ತೋರಿಸುತ್ತದೆ.

ವ್ಯಾಟ್‌ಮೀಟರ್ ಆಯ್ಕೆಯಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಲ್ಯಾಬ್ ಮ್ಯಾನುವಲ್‌ಗಳು ಇಲ್ಲಿ ಯುಪಿಎಫ್ ಹಾಕಿ ಅನ್ನುತ್ತವೆ. 75 ವೋಲ್ಟ್, 10 ಆಂಪ್‌ನ ಯುಪಿಎಫ್‌ನಲ್ಲಿ ಒಂದು ಗೆರೆಗೆ 5 ವ್ಯಾಟ್. 72 ವ್ಯಾಟ್ ಎಂದರೆ ಮುಳ್ಳು ಹದಿನಾಲ್ಕನೇ ಗೆರೆ ದಾಟಿ ಎಲ್ಲೋ ನಿಂತಿರುತ್ತದೆ. ಕಣ್ಣಳತೆಯಲ್ಲಿ ಅರ್ಧ ಗೆರೆ ತಪ್ಪಿದರೂ 2.5 ವ್ಯಾಟ್ ಹೋಯಿತು. ಅದೇ ರೇಂಜ್‌ನ ಎಲ್‌ಪಿಎಫ್ ಇದ್ದರೆ ಒಂದು ಗೆರೆಗೆ 1 ವ್ಯಾಟ್, ಮುಳ್ಳು 72ರಲ್ಲಿ ಆರಾಮಾಗಿ ನಿಲ್ಲುತ್ತದೆ. ಕಾಯಿಲ್‌ಗಳ ವೋಲ್ಟೇಜ್, ಕರೆಂಟ್ ಮಿತಿ ದಾಟದೆ, ಮುಳ್ಳೂ ಡಯಲ್ ದಾಟದಿದ್ದರೆ ಅದನ್ನು ಬಳಸಲು ಯಾವ ಅಡ್ಡಿಯೂ ಇಲ್ಲ. ಎಕ್ಸಾಮ್‌ನಲ್ಲಿ ಮಾತ್ರ ಪರೀಕ್ಷಕರು ಕೇಳಿದರೆ ಕಾರಣ ಹೇಳಲು ತಯಾರಿರಿ.

ಓದಿಕೊಂಡ ಕೂಡಲೇ ಸ್ವಿಚ್ ಆಫ್ ಮಾಡಿ. ಪೂರ್ತಿ ಕರೆಂಟ್ ಹರಿಯುತ್ತಿದೆ, ವೈಂಡಿಂಗ್ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರುತ್ತಲೇ ಇರುತ್ತದೆ.

ಹಂತ 3: ಲೆಕ್ಕ

ಓಸಿ ಟೆಸ್ಟ್‌ನಿಂದ (115 ವೋಲ್ಟ್ ಕಡೆ):

Iw = 32 ÷ 115 = 0.278 A
Im = √(0.9² − 0.278²) = 0.856 A
R0 = 115 ÷ 0.278 = 413 Ω
X0 = 115 ÷ 0.856 = 134 Ω

ಎಸ್‌ಸಿ ಟೆಸ್ಟ್‌ನಿಂದ (230 ವೋಲ್ಟ್ ಕಡೆ):

R = 72 ÷ 8.7² = 0.95 Ω
Z = 12 ÷ 8.7 = 1.38 Ω
X = √(1.38² − 0.95²) = 1.0 Ω

ಇಷ್ಟು ಮಾಡಿ R0, X0, R, X ಈ ನಾಲ್ಕನ್ನೂ ಒಂದೇ ಚಿತ್ರದಲ್ಲಿ ಹಾಗೇ ಬರೆದುಬಿಡುತ್ತಾರೆ. ಹಾಗೆ ಮಾಡುವಂತಿಲ್ಲ. ಮೊದಲೆರಡು 115 ವೋಲ್ಟ್ ಕಡೆಯವು, ಕೊನೆಯವು 230 ವೋಲ್ಟ್ ಕಡೆಯವು. ಚಿತ್ರ 230 ವೋಲ್ಟ್ ಕಡೆಯದಾದರೆ R0, X0 ಎರಡನ್ನೂ 4ರಿಂದ ಗುಣಿಸಿ: ಸುಮಾರು 1653 ಮತ್ತು 537 ಓಮ್.

R ಸರಿಯೇ ಎಂದು ನೋಡಲು ಡಿಸಿ ಕೊಟ್ಟು ಎರಡೂ ವೈಂಡಿಂಗ್‌ನ ವೋಲ್ಟೇಜ್, ಕರೆಂಟ್ ಅಳೆದು ರೆಸಿಸ್ಟೆನ್ಸ್ ಕಂಡುಹಿಡಿಯಿರಿ. ಬರೀ ಮಲ್ಟಿಮೀಟರ್‌ನ ಓಮ್ ರೇಂಜ್ ಇಷ್ಟು ಸಣ್ಣ ರೆಸಿಸ್ಟೆನ್ಸ್‌ಗೆ ಪ್ರಯೋಜನವಿಲ್ಲ. 230 ಕಡೆಯದಕ್ಕೆ 115 ಕಡೆಯದರ ನಾಲ್ಕರಷ್ಟು ಕೂಡಿಸಿ. ಎಸ್‌ಸಿ ಟೆಸ್ಟ್‌ನ R ಇದಕ್ಕಿಂತ ತುಸು ಜಾಸ್ತಿ ಇರಬೇಕು. ಕಡಿಮೆ ಬಂದರೆ ಓದುವಾಗ ತಪ್ಪಿದೆ. ಇಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರ್‌ನಲ್ಲಿ ಐದನೇ ಒಂದು ಪಾಲು ಜಾಸ್ತಿ ಬಂದರೆ ಮೊದಲು ಆ ಶಾರ್ಟ್ ವೈರ್ ಕಡೆ ನೋಡಿ.

ಹಂತ 4: ಎಫಿಷಿಯನ್ಸಿ

ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡರೆ ಫುಲ್ ಲೋಡ್‌ನಲ್ಲಿ ಔಟ್‌ಪುಟ್ 1600 ವ್ಯಾಟ್.

1600 ÷ (1600 + 32 + 72) = 93.9%

ಅರ್ಧ ಲೋಡ್‌ಗೆ ಔಟ್‌ಪುಟ್ 800, ಕಾಪರ್ ಲಾಸ್ ಅರ್ಧವಲ್ಲ, ಕಾಲು ಭಾಗ: 18 ವ್ಯಾಟ್. ಕೋರ್ ಲಾಸ್ ಅದೇ 32. ಉತ್ತರ 94.1%. ಎರಡೂ ಲಾಸ್ ಸಮ ಆಗುವುದು √(32 ÷ 72) ಅಂದರೆ ಮೂರನೇ ಎರಡು ಪಾಲು ಲೋಡ್‌ನಲ್ಲಿ. ಅಲ್ಲೇ ಎಫಿಷಿಯನ್ಸಿ ಅತಿ ಹೆಚ್ಚು, 94.3%.

ಕೆಟ್ಟ ಶಾರ್ಟ್‌ನಿಂದ ಬಂದ 87 ವ್ಯಾಟ್ ಹಾಕಿ ನೋಡಿ. ಫುಲ್ ಲೋಡ್ ಎಫಿಷಿಯನ್ಸಿ 93.1% ಬರುತ್ತದೆ. 0.8 ಪರ್ಸೆಂಟ್ ಅಷ್ಟೇ ವ್ಯತ್ಯಾಸ, ಯಾರ ಕಣ್ಣಿಗೂ ಬೀಳುವುದಿಲ್ಲ. R ಮಾತ್ರ ನೂರಕ್ಕೆ ಇಪ್ಪತ್ತೊಂದು ತಪ್ಪಿರುತ್ತದೆ. ಅದಕ್ಕೇ ‘ಎಫಿಷಿಯನ್ಸಿ ಸರಿ ಬಂತು, ಟೆಸ್ಟ್ ಸರಿಯಾಗಿದೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ. ಟೆಸ್ಟ್ ಮಾಡಿದ್ದು ತಣ್ಣಗಿದ್ದ ಟ್ರಾನ್ಸ್‌ಫಾರ್ಮರ್ ಮೇಲೆ, ಅದು ದುಡಿಯುವುದು ಬಿಸಿಯಲ್ಲಿ. ಲ್ಯಾಬ್‌ನಲ್ಲಿ 30 ಡಿಗ್ರಿ ಇತ್ತು ಅಂದರೆ 75 ಡಿಗ್ರಿಗೆ ತರಲು ತಾಮ್ರದ ರೆಸಿಸ್ಟೆನ್ಸ್ ಅನ್ನು (235 + 75) ÷ (235 + 30), ಅಂದರೆ 1.17ರಿಂದ ಗುಣಿಸಬೇಕು. 72 ವ್ಯಾಟ್ ಸುಮಾರು 84 ಆಗುತ್ತದೆ, ಫುಲ್ ಲೋಡ್ ಎಫಿಷಿಯನ್ಸಿ 93.2%ಕ್ಕೆ ಇಳಿಯುತ್ತದೆ. ರೆಕಾರ್ಡ್‌ನಲ್ಲಿ ಎರಡನ್ನೂ ಬರೆಯಿರಿ, ಪಕ್ಕದಲ್ಲಿ ಆ ದಿನದ ಲ್ಯಾಬ್ ಉಷ್ಣತೆಯನ್ನೂ ಹಾಕಿ. ಏಪ್ರಿಲ್‌ನ ದಾವಣಗೆರೆಯಲ್ಲಿ ಮಾಡಿದ ಟೆಸ್ಟ್‌ಗೂ ಡಿಸೆಂಬರ್‌ನಲ್ಲಿ ಮಾಡಿದ್ದಕ್ಕೂ R ತಾಳೆಯಾಗದಿದ್ದರೆ ಮೊದಲು ಆ ಅಂಕಿಯನ್ನೇ ನೋಡಬೇಕು.