ಗ್ರಾಫ್ ಯಾವ ಕಡೆ ಸರಿಯುತ್ತದೆ? ಸೂತ್ರ ನೋಡಿ ಹೇಳುವ ಬಗೆ

y = √x ಎಂಬ ಗ್ರಾಫ್ ಬರೆಯಲು ನಾಲ್ಕು ಬಿಂದುಗಳು ಸಾಕು: (0, 0), (1, 1), (4, 2), (9, 3). ಇವನ್ನು ನಯವಾದ ಗೆರೆಯಿಂದ ಸೇರಿಸಿದರೆ ಮೂಲಬಿಂದುವಿನಿಂದ ಹೊರಟು ಬಲಕ್ಕೆ ಬಾಗುತ್ತಾ ಏರುವ ವಕ್ರರೇಖೆ ಸಿಗುತ್ತದೆ. ಈಗ y = 4 − 2√(2x + 6) ಬರೆಯಿರಿ ಎಂದರೆ ಹೊಸದಾಗಿ ಕೋಷ್ಟಕ ಹಾಕಬೇಕಿಲ್ಲ. ಆ ನಾಲ್ಕು ಬಿಂದುಗಳನ್ನೇ ಸರಿಸಿ, ಹಿಗ್ಗಿಸಿ, ತಿರುವಿದರೆ ಆಯಿತು.

ಮೊದಲು ಸೂತ್ರವನ್ನು ಎರಡು ಭಾಗ ಮಾಡಿಕೊಳ್ಳಿ. ವರ್ಗಮೂಲದ ಚಿಹ್ನೆಯ ಹೊರಗಿರುವುದೆಲ್ಲ y ಬೆಲೆಯನ್ನು ಮಾತ್ರ ಬದಲಿಸುತ್ತದೆ, ಒಳಗಿರುವುದು x ಬೆಲೆಯನ್ನು ಮಾತ್ರ.

ಹೊರಗಿನದು ಸುಲಭ, ಕಂಡಂತೆಯೇ ನಡೆಯುತ್ತದೆ. ಇಲ್ಲಿ √ ನ ಬೆಲೆ ಬಂದ ಮೇಲೆ ಅದನ್ನು −2 ರಿಂದ ಗುಣಿಸಿ, 4 ಕೂಡಿಸುತ್ತೇವೆ. 2 ರಿಂದ ಗುಣಿಸಿದಾಗ ಗ್ರಾಫ್ ಲಂಬವಾಗಿ ಎರಡು ಪಟ್ಟು ಹಿಗ್ಗುತ್ತದೆ, ಋಣ ಚಿಹ್ನೆಯಿಂದ x-ಅಕ್ಷದಲ್ಲಿ ಪ್ರತಿಫಲಿಸಿ ತಲೆಕೆಳಗಾಗುತ್ತದೆ, 4 ಕೂಡಿಸಿದಾಗ ಅಷ್ಟು ಮೇಲೇರುತ್ತದೆ. ಗುಣಾಕಾರ ಮೊದಲು, ಕೂಡುವುದು ನಂತರ. ಈ ಕ್ರಮ ತಪ್ಪಿ ಮೊದಲೇ 4 ಏರಿಸಿದರೆ ಸಿಗುವುದು −2(√x + 4), ಅಂದರೆ −2√x − 8. ಗ್ರಾಫ್ 12 ಮಾನ ಕೆಳಗೆ ಹೋಗಿ ಕೂರುತ್ತದೆ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಒಳಗಿನ ಭಾಗದಲ್ಲಿ. 2x + 6 ನೋಡಿದವರಿಗೆ 'ಎರಡು ಪಟ್ಟು ಅಗಲ ಮಾಡಿ ಬಲಕ್ಕೆ 6 ಸರಿಸು' ಎಂದು ತೋರುತ್ತದೆ. ಆಗುವುದು ಅದರ ವಿರುದ್ಧ, ಮತ್ತು ಅದಕ್ಕೆ ಸ್ಪಷ್ಟ ಕಾರಣವಿದೆ. ಹಳೆಯ ಗ್ರಾಫ್‌ನಲ್ಲಿ ಎತ್ತರ 2 ಬರಬೇಕಾದರೆ √ ನ ಒಳಗೆ 4 ಇರಬೇಕಿತ್ತು. ಈಗಲೂ ಒಳಗೆ 4 ಆಗಲೇಬೇಕು, ಆದರೆ ಅಲ್ಲಿರುವುದು 2x + 6. ಹಾಗಾದರೆ x ಎಷ್ಟಿರಬೇಕು? 2x + 6 = 4 ಬಿಡಿಸಿ: 6 ಕಳೆಯಿರಿ, −2; 2 ರಿಂದ ಭಾಗಿಸಿ, −1. ಸೂತ್ರದಲ್ಲಿ ಕೂಡಿದ್ದನ್ನು ನಾವು ಕಳೆದೆವು, ಗುಣಿಸಿದ್ದನ್ನು ಭಾಗಿಸಿದೆವು. ಆದ್ದರಿಂದಲೇ ಗ್ರಾಫ್ ಎಡಕ್ಕೆ ಸರಿಯುತ್ತದೆ, ಅಡ್ಡಲಾಗಿ ಅರ್ಧಕ್ಕೆ ಕುಗ್ಗುತ್ತದೆ.

ಕ್ರಮವೂ ಈ ಲೆಕ್ಕದಲ್ಲೇ ಇದೆ: ಮೊದಲು 6 ಎಡಕ್ಕೆ, ಆಮೇಲೆ ಅರ್ಧ. ಮೊದಲೇ ಕುಗ್ಗಿಸಬೇಕೆಂದರೆ 2(x + 3) ಎಂದು ಅಪವರ್ತಿಸಿಕೊಳ್ಳಿ; ಆಗ ಅರ್ಧಕ್ಕೆ ಕುಗ್ಗಿಸಿ 3 ಎಡಕ್ಕೆ ಸರಿಸಬೇಕು. ಎರಡು ದಾರಿಯಲ್ಲೂ (0, 0) ಬಿಂದುವಿನ x ಬೆಲೆ −3 ಆಗುತ್ತದೆ. ಎರಡನ್ನೂ ಬೆರೆಸಿ, ಮೊದಲು ಅರ್ಧ ಮಾಡಿ ನಂತರ 6 ಸರಿಸಿದರೆ ಆರಂಭದ ಬಿಂದು −6 ಕ್ಕೆ ಹೋಗುತ್ತದೆ. ಪರೀಕ್ಷಿಸುವುದು ಕಷ್ಟವಲ್ಲ: x = −6 ಹಾಕಿದರೆ √ ನ ಒಳಗೆ −6 ಬರುತ್ತದೆ, ಅಲ್ಲಿ ವಾಸ್ತವ ಬೆಲೆಯೇ ಇಲ್ಲ.

ಈಗ ನಾಲ್ಕೂ ಬಿಂದುಗಳ x ನಿಂದ 6 ಕಳೆದು 2 ರಿಂದ ಭಾಗಿಸಿ. Y ಯನ್ನು −2 ರಿಂದ ಗುಣಿಸಿ 4 ಕೂಡಿಸಿ.

(0, 0) → (−3, 4)
(1, 1) → (−2.5, 2)
(4, 2) → (−1, 0)
(9, 3) → (1.5, −2)

ಗ್ರಾಫ್ (−3, 4) ರಿಂದ ಹೊರಟು ಬಲಕ್ಕೆ ಇಳಿಯುತ್ತದೆ, −1 ರಲ್ಲಿ x-ಅಕ್ಷವನ್ನು ದಾಟುತ್ತದೆ. ಕೊನೆಯ ಬಿಂದುವನ್ನು ಸೂತ್ರದಲ್ಲಿ ಹಾಕಿ ನೋಡಿ: 2 × 1.5 + 6 = 9, ಅದರ ವರ್ಗಮೂಲ 3, 4 − 6 = −2. ಸರಿಯಿದೆ. ಆರಂಭದ ಬಿಂದು ಒಂದನ್ನೇ ಪರೀಕ್ಷಿಸಿ ನಿಲ್ಲಿಸಬೇಡಿ. ಅಲ್ಲಿ √ ನ ಬೆಲೆ 0, ಹಾಗಾಗಿ ಹಿಗ್ಗಿಸುವುದರಲ್ಲೋ ತಿರುವುವುದರಲ್ಲೋ ಆದ ತಪ್ಪು ಅಲ್ಲಿ ಕಾಣುವುದೇ ಇಲ್ಲ.

ಋಣ ಚಿಹ್ನೆ ಒಳಗಿದ್ದರೆ ಪ್ರತಿಫಲನ y-ಅಕ್ಷದಲ್ಲಿ. √(3 − x) ನಲ್ಲಿ +3 ಕಂಡು, ಗ್ರಾಫ್ ತಿರುವಿ ಎಡಕ್ಕೆ ಸರಿಸುವವರಿದ್ದಾರೆ. ಅದನ್ನು √(−(x − 3)) ಎಂದು ಬರೆದುಕೊಂಡರೆ ತಿರುವಿದ ಮೇಲೆ 3 ಬಲಕ್ಕೆ ಸರಿಸಬೇಕೆಂಬುದು ಕಾಣುತ್ತದೆ. ಗ್ರಾಫ್ x = 3 ರಲ್ಲಿ ಶುರುವಾಗಿ ಎಡಕ್ಕೆ ಏರುತ್ತದೆ.

ಒಂದು ಮಿತಿಯನ್ನೂ ಗಮನಿಸಬೇಕು. √(4x) ಮತ್ತು 2√x ಒಂದೇ. ಅಡ್ಡಲಾಗಿ ಕಾಲು ಭಾಗಕ್ಕೆ ಕುಗ್ಗಿಸಿದ್ದೋ ಲಂಬವಾಗಿ ಎರಡು ಪಟ್ಟು ಹಿಗ್ಗಿಸಿದ್ದೋ ಎಂದು ಚಿತ್ರ ನೋಡಿ ಹೇಳಲಾಗದು. ಹಾಗಾಗಿ ಗ್ರಾಫ್ ಕೊಟ್ಟು ಸೂತ್ರ ಕೇಳಿದಾಗ ನಿಮ್ಮ ಉತ್ತರ ಪಕ್ಕದವರ ಉತ್ತರಕ್ಕಿಂತ ಬೇರೆ ಕಂಡರೆ ಕೂಡಲೇ ಹೊಡೆದುಹಾಕಬೇಡಿ. ನಮ್ಮ ಉದಾಹರಣೆಯನ್ನೇ 4 − √(8x + 24) ಎಂದೂ ಬರೆಯಬಹುದು.