ಟೈಲರಿಗೆ ಥ್ಯಾಂಕ್ಸ್ ಹೇಳುವ ವಿಮರ್ಶೆ: ಬರೆಯುವುದು ಹೇಗೆ?

ಬಟ್ಟೆ ಕೈಗೆ ಬಂದ ದಿನವೇ ಬರೆಯಲು ಕೂರಬೇಡಿ. ಒಂದು ಇಡೀ ದಿನ ಹಾಕಿಕೊಂಡು ಓಡಾಡಿ, ಆಮೇಲೆ ಒಮ್ಮೆ ಒಗೆಯಿರಿ. ಹತ್ತಿ ಬಟ್ಟೆ ಕುಗ್ಗುವುದು, ಹೊಲಿಗೆಯ ಸಾಲು ಸುಕ್ಕುಗಟ್ಟುವುದು ಗೊತ್ತಾಗುವುದು ಒಗೆದ ಮೇಲೆಯೇ. ‘ಎರಡು ಸಲ ಒಗೆದೆ, ಹಾಗೇ ಇದೆ’ ಎಂಬ ಮಾತನ್ನು ಓದುಗರು ನಂಬುತ್ತಾರೆ. ‘ಸೂಪರ್ ಫಿಟ್ಟಿಂಗ್’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಹೊಗಳಿಕೆಗಿಂತ ಮೊದಲು ನಿಮ್ಮ ತೊಂದರೆ ಏನಿತ್ತು ಎಂದು ಬರೆಯಿರಿ. ಅದೇ ತೊಂದರೆ ಇರುವವರು ಅಲ್ಲಿಗೇ ನಿಂತು ಓದುತ್ತಾರೆ. ನನ್ನದನ್ನೇ ಹೇಳುತ್ತೇನೆ. ಬೇರೆ ಕಡೆ ಹೊಲಿಸಿದ್ದ ಒಂದು ಅಂಗಿ, ಕೈ ಎತ್ತಿದರೆ ಸಾಕು, ಸೊಂಟದಿಂದ ಮೇಲೆ ಬರುತ್ತಿತ್ತು. ಕಂಕುಳಲ್ಲಿ ಬಿಗಿ ಇರಬೇಕು ಎಂದುಕೊಂಡು, ಸ್ವಲ್ಪ ಸಡಿಲ ಮಾಡಿಕೊಡಿ ಎಂದು ನಮ್ಮ ಬೀದಿಯ ಟೈಲರಿಗೆ ಕೊಟ್ಟೆ. ಅವರು ಅಂಗಿ ಹಾಕಿಸಿ, ಕೈ ಎತ್ತಿಸಿ, ಕಂಕುಳ ಕೆಳಗಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ‘ಬಿಗಿ ಅಲ್ಲ, ಕಂಕುಳ ತುಂಬಾ ಕೆಳಗೆ ಇಳಿದಿದೆ. ಇನ್ನೂ ಕತ್ತರಿಸಿದರೆ ಇನ್ನೂ ಎಳೆಯುತ್ತೆ’ ಎಂದರು. ಹೊಲಿಸಿದಾಗ ಉಳಿದ ತುಂಡು ಇದೆಯೇ ಎಂದು ಕೇಳಿದರು. ಅದೃಷ್ಟಕ್ಕೆ ಇತ್ತು. ಕಂಕುಳ ಹೊಲಿಗೆ ಬಿಚ್ಚಿ, ವಜ್ರದಾಕಾರದ ಪುಟ್ಟ ತುಂಡು ಸೇರಿಸಿದರು. ಈಗ ಕೈ ಮೇಲೆ ಹೋದರೂ ಅಂಗಿ ಅಲ್ಲೇ ಇರುತ್ತದೆ.

ಇಷ್ಟನ್ನು ನೆನಪಿಸಿಕೊಂಡರೆ ವಿಮರ್ಶೆಯ ಮುಕ್ಕಾಲು ಭಾಗ ಮುಗಿದಂತೆ: ಯಾವ ಬಟ್ಟೆ, ಏನು ತೊಂದರೆ, ಟೈಲರ್ ಏನು ನೋಡಿದರು, ಏನು ಮಾಡಿದರು. ಉಳಿದದ್ದು, ಹೋಗುವವರು ಏನು ತೆಗೆದುಕೊಂಡು ಹೋಗಬೇಕು, ಎಷ್ಟು ದಿನ ಹಿಡಿಯಿತು ಎಂಬುದು. ಕೊರತೆ ಇದ್ದರೆ ಅದನ್ನೂ ಸೇರಿಸಿ. ಹೊಗಳಿಕೆಗೆ ಅದರಿಂದ ಕುಂದಿಲ್ಲ, ಹೋಗುವವರಿಗೂ ಮೊದಲೇ ಗೊತ್ತಿರುತ್ತದೆ. ಟೈಲರ ಅಥವಾ ಅಂಗಡಿಯ ಫೋಟೊ ಹಾಕುವುದಾದರೆ ಕೇಳಿಯೇ ಹಾಕಿ.

ನಾನು ಬರೆದದ್ದು ಹೀಗಿತ್ತು:

‘ಕೈ ಎತ್ತಿದರೆ ಮೇಲೆ ಬರುತ್ತಿದ್ದ ಹತ್ತಿ ಅಂಗಿಯನ್ನು ಸರಿ ಮಾಡಿಸಿದೆ. ಕೇಳಿದ್ದನ್ನು ಸುಮ್ಮನೆ ಮಾಡಿಕೊಡದೆ, ಹಾಕಿಸಿ ನೋಡಿ, ತಪ್ಪು ಎಲ್ಲಿದೆ ಎಂದು ತೋರಿಸಿದರು. ಕಂಕುಳಿಗೆ ತುಂಡು ಸೇರಿಸಿದ್ದಾರೆ. ಎರಡು ಸಲ ಒಗೆದೆ, ಹೊಲಿಗೆ ಗಟ್ಟಿಯಾಗಿದೆ. ಹೊಸ ತುಂಡಿನ ಬಣ್ಣ ಸ್ವಲ್ಪ ಗಾಢ, ಆದರೆ ಕೈ ಎತ್ತಿದಾಗ ಮಾತ್ರ ಕಾಣುತ್ತದೆ. ಹೇಳಿದ್ದಕ್ಕಿಂತ ಎರಡು ದಿನ ತಡವಾಯಿತು, ಹಾಗಾಗಿ ಸಮಾರಂಭ ಇದ್ದರೆ ಮುಂಚೆಯೇ ಕೊಡಿ. ಉಳಿದ ಬಟ್ಟೆಯ ತುಂಡು ಇದ್ದರೆ ತಪ್ಪದೆ ಒಯ್ಯಿರಿ. ಎಸೆಯಬೇಕೆಂದಿದ್ದ ಅಂಗಿಯನ್ನು ಮತ್ತೆ ಹಾಕುವ ಹಾಗೆ ಮಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್, ಮಾಸ್ಟರ್.’