ಬೆಳಿಗ್ಗೆ ಏಳಕ್ಕೆ ಬರುವ ಹೊಟ್ಟೆನೋವು: ಎರಡು ವಾರ ಬರೆದು ನೋಡಿ

ಆ ತಾಯಿ ಒಂದು ಪ್ಲಾಸ್ಟಿಕ್ ಕವರ್ ತುಂಬ ರಿಪೋರ್ಟ್ ತಂದಿದ್ದರು. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮೂರು ತಿಂಗಳಿಂದ ಬಂದು ಹೋಗುವ ಹೊಟ್ಟೆನೋವು. ಓಮದ ಕಷಾಯ ಆಗಿತ್ತು, ದೃಷ್ಟಿ ತೆಗೆದದ್ದಾಗಿತ್ತು, ಜಂತುಹುಳದ ಮಾತ್ರೆ ಎರಡು ಸಲ, ಸ್ಕ್ಯಾನ್ ಎರಡು ಸಲ. "ನಮ್ಮತ್ತೆ ಇದೆಲ್ಲ ನಾಟಕ ಅಂತಾರೆ. ಇವಳಪ್ಪ ಬೆಂಗಳೂರಿಗೇ ಕರ್ಕೊಂಡು ಹೋಗೋಣ ಅಂತಾರೆ. ನಂಗೆ ಏನು ಮಾಡೋದು ಗೊತ್ತಾಗ್ತಿಲ್ಲ ಡಾಕ್ಟ್ರೇ" ಎಂದರು.

ಮಕ್ಕಳ ವೈದ್ಯನಾಗಿ ಈ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಏಪ್ಲಿ ಎಂಬ ಮಕ್ಕಳ ವೈದ್ಯರು ಸಾವಿರ ಶಾಲಾ ಮಕ್ಕಳನ್ನು ವಿಚಾರಿಸಿ 1958ರಲ್ಲಿ ವರದಿ ಪ್ರಕಟಿಸಿದರು. ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಇಂಥ ನೋವಿತ್ತು. ಅವರಲ್ಲಿ ಹೆಚ್ಚಿನವರ ಹೊಟ್ಟೆಯಲ್ಲಿ ಯಾವ ಕಾಯಿಲೆಯೂ ಸಿಗಲಿಲ್ಲ. ಈ ನೋವನ್ನು ನಾವು ಫಂಕ್ಷನಲ್ ನೋವು ಅನ್ನುತ್ತೇವೆ. ಕರುಳು ಕೆಟ್ಟಿಲ್ಲ, ಆದರೆ ಕರುಳಿನ ನರಗಳು ಸೂಕ್ಷ್ಮವಾಗಿವೆ. ಬೇರೆ ಮಕ್ಕಳಿಗೆ ಗೊತ್ತೇ ಆಗದ ಗಾಳಿ, ಕರುಳಿನ ಮಾಮೂಲು ಚಲನೆ ಈ ಮಗುವಿಗೆ ನೋವಾಗಿ ತಿಳಿಯುತ್ತದೆ. ಎಷ್ಟೋ ಸಲ ಒಂದು ವಾಂತಿಭೇದಿ ಬಂದು ಹೋದ ಮೇಲೆ ಇದು ಶುರುವಾಗುತ್ತದೆ. ಸೋಂಕು ವಾಸಿಯಾಗಿರುತ್ತದೆ, ನರಗಳ ಸೂಕ್ಷ್ಮತೆ ಉಳಿದುಬಿಡುತ್ತದೆ. ಮನಸ್ಸಿಗೆ ದಿಗಿಲಾದರೆ ಅದು ಇನ್ನೂ ಜಾಸ್ತಿ. ಪರೀಕ್ಷೆಯ ದಿನ ನಮಗೂ ಹೊಟ್ಟೆ ತಳಮಳಿಸುತ್ತಿತ್ತು ಅಲ್ವಾ? ಹಾಗಾಗಿ ಮಗು ನಾಟಕ ಆಡುತ್ತಿಲ್ಲ. ನೋವು ನಿಜ.

ಇನ್ನುಳಿದ ಸ್ವಲ್ಪ ಮಕ್ಕಳ ಹೊಟ್ಟೆಯಲ್ಲಿ ನಿಜವಾಗಿಯೂ ಕಾಯಿಲೆ ಇರುತ್ತದೆ. ಅವರನ್ನು ಬೇರ್ಪಡಿಸುವುದು ಹೇಗೆ? ಅರ್ಧಕ್ಕಿಂತ ಹೆಚ್ಚು ಕೆಲಸ ಮನೆಯಲ್ಲೇ ಆಗುತ್ತದೆ.

ಮೊದಲು, ಇವತ್ತೇ ಓಡಬೇಕಾದ ನೋವಾ ನೋಡಿ

ನೋವು ಬಿಡುವಿಲ್ಲದೆ ಗಂಟೆಗಟ್ಟಲೆ ಏರುತ್ತಾ ಹೋದರೆ, ಹೊಕ್ಕುಳ ಹತ್ತಿರ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದರೆ, ಮಗು ಬಗ್ಗಿಕೊಂಡೇ ನಡೆದರೆ ಕಾಯಬೇಡಿ. ನಿಂತಲ್ಲೇ ಒಂದು ಸಲ ಜಿಗಿಯಲು ಹೇಳಿ. ಅಪೆಂಡಿಕ್ಸ್ ಊದಿಕೊಂಡ ಮಗುವಿಗೆ ಜಿಗಿಯುವುದೇ ಕಷ್ಟ. ಹಸಿರು ವಾಂತಿ, ಮಲದಲ್ಲಿ ರಕ್ತ, ಗಟ್ಟಿಯಾದ ಹೊಟ್ಟೆ ಕಂಡರೂ ಅದೇ ದಿನ ಆಸ್ಪತ್ರೆ. ಗಂಡುಮಕ್ಕಳು ಕೆಳಹೊಟ್ಟೆ ನೋವು ಅಂದಾಗ ಚಡ್ಡಿ ಬಿಚ್ಚಿ ಬೀಜಗಳನ್ನು ನೋಡಿ. ಬೀಜ ತಿರುಚಿಕೊಂಡಾಗಲೂ ಕೆಲವು ಹುಡುಗರು ನಾಚಿಕೆಗೆ ಹೊಟ್ಟೆನೋವು ಅಂತಲೇ ಹೇಳುತ್ತಾರೆ. ಅದಕ್ಕೆ ಕೆಲವೇ ಗಂಟೆಗಳ ಸಮಯ ಇರುವುದು. ವಾಂತಿಯ ಜೊತೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ರಕ್ತದ ಸಕ್ಕರೆ ಆಗಲೇ ನೋಡಿಸಬೇಕು.

ಇದ್ಯಾವುದೂ ಇಲ್ಲದೆ ವಾರಗಟ್ಟಲೆ ಬಂದು ಹೋಗುವ ನೋವಿಗೆ ಮುಂದಿನ ಹೆಜ್ಜೆಗಳು.

ಒಂದೇ ಬೆರಳಿನಲ್ಲಿ ತೋರಿಸಲು ಹೇಳಿ

"ಎಲ್ಲಿ ನೋಯುತ್ತೆ, ಒಂದೇ ಬೆರಳಲ್ಲಿ ತೋರಿಸು ಪುಟ್ಟಿ" ಅಂದೆ. ಅವಳು ಅಂಗೈಯನ್ನೇ ಹೊಕ್ಕುಳ ಮೇಲಿಟ್ಟು ಗುಂಡಗೆ ಸವರಿದಳು. ಫಂಕ್ಷನಲ್ ನೋವಿನ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಗುರುತು ಇದು. ಹೊಕ್ಕುಳಿಂದ ನೋವು ದೂರ ಹೋದಷ್ಟೂ ಕಾಯಿಲೆಯ ಅನುಮಾನ ಹೆಚ್ಚು ಎಂದು ಏಪ್ಲಿ ಅವರೇ ಹೇಳಿದ್ದರು. ಪ್ರತಿ ಸಲವೂ ಬಲ ಮೇಲ್ಭಾಗ, ಬಲ ಕೆಳಭಾಗ ಅಥವಾ ಪಕ್ಕೆಯ ಒಂದೇ ಜಾಗಕ್ಕೆ ಬೆರಳಿಟ್ಟರೆ ಪಿತ್ತಕೋಶ, ಕರುಳಿನ ಕೊನೆ, ಮೂತ್ರಪಿಂಡ ಇವನ್ನು ಹುಡುಕಬೇಕು. ಆದರೆ ಈ ಒಂದು ಗುರುತನ್ನೇ ನಂಬಿ ಕೂರುವಂತಿಲ್ಲ.

ಎರಡು ವಾರ ನೋಟ್‌ಬುಕ್ ಬರೆಯಿರಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ನನ್ನ ಅನುಭವದಲ್ಲಿ ಎಷ್ಟೋ ಸ್ಕ್ಯಾನ್‌ಗಳಿಗಿಂತ ಇದು ಜಾಸ್ತಿ ಹೇಳಿದೆ. ಹಳೇ ನೋಟ್‌ಬುಕ್ ಸಾಕು. ದಿನಕ್ಕೊಂದು ಸಾಲು: ನೋವು ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ಇತ್ತು, ರಾತ್ರಿ ನಿದ್ದೆಯಿಂದ ಎಬ್ಬಿಸಿತಾ, ಅದಕ್ಕೆ ಮೊದಲು ಏನು ತಿಂದಿತ್ತು, ಅವತ್ತು ಸ್ಕೂಲಿತ್ತಾ, ಎರಡಕ್ಕೆ ಹೋಯಿತಾ, ಮಲ ಗಟ್ಟಿಯಾ ಮೆತ್ತಗಾ. ಇದನ್ನು ಮಗುವಿನ ಮುಂದೆ ಕೂತು ಬರೆಯಬೇಡಿ. ರಾತ್ರಿ ಅದು ಮಲಗಿದ ಮೇಲೆ ಬರೆಯಿರಿ.

ಈ ಹುಡುಗಿಯ 14 ದಿನದಲ್ಲಿ 9 ದಿನ ನೋವಿತ್ತು. ಎಂಟು ಸಲ ಸ್ಕೂಲಿನ ದಿನ, ಬೆಳಿಗ್ಗೆ ಏಳರ ಆಸುಪಾಸು. ವ್ಯಾನ್ ಬರುವುದು ಎಂಟಕ್ಕೆ. ಒಂದು ಸಲ ಮಾತ್ರ ಭಾನುವಾರ, ಅದೂ ಸಂಜೆ. ಅರ್ಧ ಗಂಟೆಯಿಂದ ಒಂದು ಗಂಟೆ ಇರುತ್ತಿತ್ತು. ನೋವು ಹೋದ ಮೇಲೆ ಎದ್ದು ಆಡುತ್ತಿದ್ದಳು. ರಾತ್ರಿ ಒಂದು ಸಲವೂ ಎದ್ದಿರಲಿಲ್ಲ.

ತಾಯಿ ಗಮನಿಸದ ಸಂಗತಿ ಕೊನೆಯ ಕಾಲಂನಲ್ಲಿತ್ತು. 14 ದಿನದಲ್ಲಿ ನಾಲ್ಕೇ ಸಲ ಮಲ ಹೋಗಿತ್ತು. ಆಡಿನ ಹಿಕ್ಕೆಯ ಹಾಗೆ, ಗಟ್ಟಿ. ಸ್ಕೂಲಿನಲ್ಲಿ ಎಷ್ಟು ನೀರು ಕುಡಿಯುತ್ತೀಯ ಅಂತ ಕೇಳಿದಾಗ ಅವಳು ಅಮ್ಮನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಕುಡಿಯಲ್ಲ. ಕುಡಿದರೆ ಬಾತ್‌ರೂಮಿಗೆ ಹೋಗ್ಬೇಕು. ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ" ಅಂದಳು. ತುಂಬಿದ ನೀರಿನ ಬಾಟಲಿ ದಿನಾ ಹಾಗೇ ಮನೆಗೆ ಬರುತ್ತಿತ್ತಂತೆ. ತಾಯಿ ಯೋಚಿಸದೆ ಅದನ್ನು ಗಿಡಕ್ಕೆ ಹಾಕುತ್ತಿದ್ದರು.

ಮಲಬದ್ಧತೆ ಹೊಟ್ಟೆನೋವಿಗೆ ಬಹಳ ಸಾಮಾನ್ಯ ಕಾರಣ. ಮಗು ದಿನಾ ಬಾತ್‌ರೂಮಿಗೆ ಹೋಗಿ ಬರುತ್ತದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಒಳಗೆ ಏನಾಯಿತು ಅನ್ನುವುದು ಮುಖ್ಯ.

ತೂಕ, ಎತ್ತರ, ಮತ್ತೆ ಕೆಲವು ಕೆಂಪು ಗುರುತು

ಐದರಿಂದ ಹತ್ತು ವರ್ಷದ ನಡುವೆ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಎತ್ತರ, 2ರಿಂದ 3 ಕೆ.ಜಿ. ತೂಕ ಬೆಳೆಯುತ್ತಾರೆ. ಹಳೆಯ ಸ್ಕೂಲ್ ಹೆಲ್ತ್ ಕಾರ್ಡ್, ಹಳೇ ಚೀಟಿಗಳನ್ನು ಹುಡುಕಿ ತನ್ನಿ. ಈ ಹುಡುಗಿ ಜೂನ್‌ನಲ್ಲಿ 22 ಕೆ.ಜಿ. ಇದ್ದಳು, ಡಿಸೆಂಬರ್‌ನಲ್ಲಿ 23.3. ಎತ್ತರವೂ 3 ಸೆಂ.ಮೀ. ಏರಿತ್ತು. ನನಗೆ ಅರ್ಧ ಸಮಾಧಾನ ಅಲ್ಲೇ ಆಯಿತು.

ಇನ್ನೊಬ್ಬ ಹುಡುಗ ನೆನಪಾಗುತ್ತಾನೆ. ಹನ್ನೊಂದು ವರ್ಷ. ಅವನಿಗೂ ಹೊಕ್ಕುಳ ಸುತ್ತಲೇ ನೋವು, ಅವನಿಗೂ ಮನೆಯಲ್ಲಿ "ಸ್ಕೂಲಿಗೆ ಚಕ್ಕರ್ ಹಾಕೋಕೆ" ಅನ್ನುತ್ತಿದ್ದರು. ಆದರೆ ರಾತ್ರಿ ಎರಡಕ್ಕೆ, ಮೂರಕ್ಕೆ ನೋವಿನಿಂದ ಏಳುತ್ತಿದ್ದ. ರಜೆಯಲ್ಲೂ ಬಿಡುವಿರಲಿಲ್ಲ. ಸಂಜೆ ಮೈ ಬೆಚ್ಚಗಾಗುತ್ತಿತ್ತು. ಹಿಂದಿನ ವರ್ಷದ ಯೂನಿಫಾರ್ಮ್ ಪ್ಯಾಂಟ್ ಸೊಂಟದಲ್ಲಿ ಸಡಿಲವಾಗಿತ್ತು. ಅವನಿಗಿದ್ದದ್ದು ಕರುಳಿನ ಕ್ಷಯ. ಪೂರ್ತಿ ಚಿಕಿತ್ಸೆ ಪಡೆದು ಗುಣವಾದ, ಆದರೆ ನಾಲ್ಕು ತಿಂಗಳು ತಡವಾಗಿತ್ತು. ನಿದ್ದೆಯಿಂದ ಎಬ್ಬಿಸುವ ನೋವು ಮತ್ತು ಇಳಿಯುವ ತೂಕ, ಈ ಎರಡನ್ನು ಮಾತ್ರ ಯಾವತ್ತೂ ಸುಮ್ನೆ ಬಿಡಬೇಡಿ.

ಇವುಗಳ ಜೊತೆಗೆ ಬಿಡದ ಜ್ವರ, ಪದೇ ಪದೇ ವಾಂತಿ, ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಬಾಯಿಹುಣ್ಣಿನ ಜೊತೆ ಕೀಲುನೋವು, ನುಂಗಲು ಕಷ್ಟ, ಉರಿಮೂತ್ರ, ಗುದದ ಸುತ್ತ ಗಾಯ, ಮನೆಯಲ್ಲಿ ಯಾರಿಗಾದರೂ ಕ್ಷಯ ಅಥವಾ ಕರುಳಿನ ಉರಿಯೂತದ ಕಾಯಿಲೆ ಇದ್ದರೂ ವೈದ್ಯರಿಗೆ ತಪ್ಪದೆ ಹೇಳಿ. ಕೆಂಪು ಗುರುತು, ಅಂದರೆ ಅಪಾಯದ ಸೂಚನೆ, ಅಂತ ನಾವು ಅನ್ನುವುದು ಇವನ್ನೇ. ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಬೇಕು.

ಸ್ಕ್ಯಾನ್‌ನಲ್ಲಿ "ಗಂಟು" ಅಂದರೆ

ಕೆಂಪು ಗುರುತು ಇಲ್ಲದಿದ್ದರೆ ರಕ್ತ, ಮೂತ್ರ, ಮಲದ ಸಾಮಾನ್ಯ ಪರೀಕ್ಷೆ ಸಾಕು. ಮಲದಲ್ಲಿ ಜಿಯಾರ್ಡಿಯಾ ಎಂಬ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಸಿಕ್ಕರೆ ಅದಕ್ಕೆ ಬೇರೆ ಔಷಧಿ ಬೇಕು. ಶಾಲೆಯಲ್ಲಿ ಜಂತುಹುಳಕ್ಕೆಂದು ಕೊಡುವ ಒಂದು ಆಲ್ಬೆಂಡಜೋಲ್ ಮಾತ್ರೆಯಿಂದ ಅದು ಹೋಗುತ್ತದೆ ಅಂದುಕೊಳ್ಳಬೇಡಿ.

ಸ್ಕ್ಯಾನ್ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ಹುಡುಗಿಯ ಎರಡೂ ರಿಪೋರ್ಟಿನಲ್ಲಿ "ಮೆಸೆಂಟರಿಕ್ ಲಿಂಫ್ ನೋಡ್‌ಗಳು, 6 ಮಿ.ಮೀ." ಎಂದಿತ್ತು. ಅದನ್ನು ಓದಿದ ನೆಂಟರೊಬ್ಬರು ಟಿಬಿ ಅಂದುಬಿಟ್ಟಿದ್ದರು. ತಾಯಿ ಹತ್ತು ದಿನ ನಿದ್ದೆ ಮಾಡಿರಲಿಲ್ಲ. ಈ ಗಂಟುಗಳು ಕರುಳಿನ ಕಾವಲು ಠಾಣೆಗಳು. ಆರೋಗ್ಯವಾಗಿರುವ ಮಕ್ಕಳಲ್ಲೂ ಸ್ಕ್ಯಾನ್ ಮಾಡಿದರೆ ಕಾಣುತ್ತವೆ, ನೆಗಡಿ ಜ್ವರ ಬಂದಾಗ ಸ್ವಲ್ಪ ಊದುತ್ತವೆ. ಸಣ್ಣ ಗಂಟಿನ ಹೆಸರಿನಲ್ಲಿ ಆಂಟಿಬಯಾಟಿಕ್ ಕೊಡುವುದು, ಇನ್ನೂ ಹೆಚ್ಚಾಗಿ ಕ್ಷಯದ ಔಷಧಿ ಶುರುಮಾಡುವುದು ತಪ್ಪು. ಗಂಟು ದೊಡ್ಡದಾಗಿದ್ದರೆ, ಒಂದಕ್ಕೊಂದು ಅಂಟಿಕೊಂಡಿದ್ದರೆ, ಜೊತೆಗೆ ಜ್ವರ, ತೂಕ ಇಳಿಕೆ ಇದ್ದರೆ ಮಾತ್ರ ಮಾತು ಬೇರೆ.

ಕಾಯಿಲೆ ಇಲ್ಲ ಅಂತಾದ ಮೇಲೆ

"ಏನೂ ಇಲ್ಲ" ಅಂತ ಮಗುವಿಗೆ ಹೇಳಬೇಡಿ. ಅದಕ್ಕೆ ನೋಯುತ್ತಿದೆ. ನಾನು ಹೀಗೆ ಹೇಳಿದೆ: "ನಿನ್ನ ಹೊಟ್ಟೆ ಚೆನ್ನಾಗಿದೆ. ಅದರ ಗಂಟೆ ಮಾತ್ರ ಸ್ವಲ್ಪ ಜೋರಾಗಿ ಬಾರಿಸ್ತಿದೆ. ಅದನ್ನ ಮೆಲ್ಲಗೆ ಮಾಡೋಣ."

ಅವಳಿಗೆ ಮೊದಲು ಮಲಬದ್ಧತೆಯ ಚಿಕಿತ್ಸೆ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಅವಳ ತೂಕಕ್ಕೆ ತಕ್ಕಷ್ಟು ಬರೆದುಕೊಟ್ಟೆ. ಎರಡು ದಿನ ಕೊಟ್ಟು ನಿಲ್ಲಿಸುವ ಔಷಧಿ ಅಲ್ಲ ಇದು, ತಿಂಗಳುಗಟ್ಟಲೆ ಬೇಕಾಗಬಹುದು. ತಿಂಡಿ ತಿಂದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಹಾಗಾಗಿ ಬೆಳಿಗ್ಗೆ ಅರ್ಧ ಗಂಟೆ ಬೇಗ ಎಬ್ಬಿಸಿ, ತಿಂಡಿಯಾದ ಮೇಲೆ ಐದರಿಂದ ಹತ್ತು ನಿಮಿಷ ಕೂರಿಸಲು ಹೇಳಿದೆ. ವೆಸ್ಟರ್ನ್ ಕಮೋಡ್ ಆದರೆ ಕಾಲ ಕೆಳಗೆ ಒಂದು ಮಣೆ. ಚಿಲಕದ ವಿಷಯ ತಾಯಿ ಶಾಲೆಯಲ್ಲಿ ಮಾತಾಡಿದರು. ಅದು ಸರಿಹೋಗುವವರೆಗೆ ಗೆಳತಿಯೊಬ್ಬಳು ಬಾಗಿಲು ಹಿಡಿದು ನಿಲ್ಲುವ ಏರ್ಪಾಡಾಯಿತು.

ಮೂರು ವಾರದಲ್ಲಿ ನೋವು ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ಮನೆಯವರು ತಮ್ಮ ಅಭ್ಯಾಸ ಬದಲಿಸಬೇಕಾಯಿತು. ಪ್ರತಿ ಬೆಳಿಗ್ಗೆ "ಇವತ್ತು ಹೊಟ್ಟೆ ಹೇಗಿದೆ ಕಂದಾ?" ಎನ್ನುವ ಪ್ರಶ್ನೆ ನಿಲ್ಲಬೇಕಿತ್ತು. ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ನೋಡಿತು. ಹೊಟ್ಟೆ ಬಿರಿಯುವಷ್ಟು ನೀರು ಕುಡಿದ ಮಕ್ಕಳ ಜೊತೆ ಕೆಲವು ಪೋಷಕರು ಸಂಕಟದ ಬಗ್ಗೆಯೇ ಮಾತಾಡಿದರು, ಕೆಲವರು ಬೇರೆ ಮಾತು ತೆಗೆದರು. ಪೋಷಕರಿಗೆ ಏನೂ ಸೂಚನೆ ಕೊಡದ ಇನ್ನೊಂದು ಗುಂಪಿಗೆ ಹೋಲಿಸಿದರೆ ಮೊದಲ ಗುಂಪಿನಲ್ಲಿ ಮಕ್ಕಳ ದೂರು ಹೆಚ್ಚುಕಮ್ಮಿ ದುಪ್ಪಟ್ಟಿತ್ತು, ಎರಡನೆಯದರಲ್ಲಿ ಅರ್ಧದಷ್ಟಿತ್ತು. ಮಾತು ತಿರುಗಿಸಿದರೆ ಮಗುವಿಗೆ ಬೇಜಾರಾಗುತ್ತದೆ ಅನ್ನುವ ಹೆದರಿಕೆ ಪೋಷಕರಿಗಿತ್ತು. ಮಕ್ಕಳಿಗೆ ಹಾಗನಿಸಿರಲಿಲ್ಲ.

ನೋವು ಅಂದಾಗ ಒಮ್ಮೆ ತಬ್ಬಿಕೊಳ್ಳಿ. ಬಿಸಿನೀರಿನ ಬ್ಯಾಗ್ ಕೊಡಿ. ಹೊಟ್ಟೆ ಉಬ್ಬುವ ಹಾಗೆ ನಿಧಾನಕ್ಕೆ ಹತ್ತು ಸಲ ಉಸಿರೆಳೆದು ಬಿಡಿಸಿ. ಆಮೇಲೆ ಜಡೆ ಹಾಕುತ್ತಾ ಬೇರೆ ಮಾತು. ಸ್ಕೂಲಿಗೆ ಕಳಿಸಿ. ನೋವಿನ ದಿನ ಮನೆಯಲ್ಲಿ ಟಿವಿ, ಮೊಬೈಲು, ಇಷ್ಟದ ತಿಂಡಿ ಸಿಗುತ್ತಿದ್ದರೆ ಮರುದಿನ ವ್ಯಾನ್ ಹತ್ತುವುದು ಇನ್ನೂ ಕಷ್ಟವಾಗುತ್ತದೆ. ಕ್ಲಾಸಿನಲ್ಲಿ ನೋವು ಬಂದರೆ ಹತ್ತು ನಿಮಿಷ ಮಲಗಿಸಿ ಮತ್ತೆ ಕ್ಲಾಸಿಗೆ ಕಳಿಸಿ, ಮನೆಗೆ ಫೋನ್ ಬೇಡ ಎಂದು ಟೀಚರಿಗೆ ಒಂದು ಚೀಟಿ ಬರೆದುಕೊಟ್ಟೆ. ನೋವಿನ ಸಿರಪ್ಪನ್ನು ಸ್ಕೂಲ್ ಬ್ಯಾಗಿನಲ್ಲಿ ಇಡುವುದು ಬೇಡವೆಂದೆ.

ಎರಡು ತಿಂಗಳ ಹೊತ್ತಿಗೆ ನೋವು ವಾರಕ್ಕೊಂದು ಸಲಕ್ಕೆ ಬಂತು, ಅದೂ ಹದಿನೈದು ನಿಮಿಷ. ಮಾರ್ಚ್ ಪರೀಕ್ಷೆಯಲ್ಲಿ ಮತ್ತೆ ನಾಲ್ಕು ದಿನ ಕಾಡಿತು. ಅದನ್ನು ನಾವು ಮೊದಲೇ ಹೇಳಿಟ್ಟಿದ್ದರಿಂದ ಯಾರೂ ಸ್ಕ್ಯಾನಿಗೆ ಓಡಲಿಲ್ಲ. ಮೂರು ತಿಂಗಳಿಗೊಮ್ಮೆ ತೂಕ ನೋಡುವುದು ಮಾತ್ರ ಬಿಟ್ಟಿಲ್ಲ. ತೂಕ ನಿಂತರೆ, ರಾತ್ರಿ ಎದ್ದರೆ, ನೋವಿನ ಜಾಗ ಬದಲಾದರೆ ಹಳೇ ತೀರ್ಮಾನ ಪಕ್ಕಕ್ಕಿಟ್ಟು ಮೊದಲಿಂದ ನೋಡೋಣ ಎಂದು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಟ್ಟಿದ್ದೇನೆ.